ಶೆಡ್ಡಿನ ಗೋಡೆಗೆ ಸುಣ್ಣ ಹೊಡೆದರೆ ಪೈಪಿನ ಶಾಖ ಉಳಿಯುತ್ತದೆಯೇ?

ಪ್ರಶ್ನೆ: ನಾನು ಅಥಣಿಯವನು, ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಕಾರ್ಖಾನೆಯ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಶೆಡ್ಡು 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರ. ಅದರೊಳಗೆ ಥರ್ಮಿಕ್ ಫ್ಲೂಯಿಡ್ ಹೀಟರಿನಿಂದ ಪ್ರೆಸ್ಸಿಗೆ ಹೋಗುವ ಮೂರು ಇಂಚಿನ ಪೈಪು 12 ಮೀಟರ್ ದೂರ ಬರಿಮೈಯಲ್ಲೇ ಇದೆ. ಪ್ಯಾನೆಲ್ಲಿನಲ್ಲಿ ಎಣ್ಣೆ 183 ಡಿಗ್ರಿ ಇದ್ದಾಗ ಇನ್‌ಫ್ರಾರೆಡ್ ಗನ್ ಪೈಪಿನ ಮೇಲೆ 165, ಗೋಡೆಯ ಮೇಲೆ 32 ತೋರಿಸುತ್ತದೆ. ಎಮಿಸಿವಿಟಿ, ಅಂದರೆ ಮೈ ಶಾಖವನ್ನು ಸೂಸುವ ಸಾಮರ್ಥ್ಯ, 0.8 ಹಿಡಿದು εσAT⁴ ಲೆಕ್ಕ ಹಾಕಿದರೆ 5.6 ಕಿಲೋವ್ಯಾಟ್ ಬಂತು. ಗೋಡೆಗೆಲ್ಲ ಸುಣ್ಣ ಹೊಡೆಸಿದರೆ ಶಾಖ ವಾಪಸು ಬರುತ್ತದೆ ಎಂದು ಮಾಲೀಕರು, ಪೈಪಿಗೆ ಸಿಲ್ವರ್ ಪೇಂಟ್ ಬಳಿದರೆ ಸಾಕು ಎಂದು ಫೋರ್‌ಮನ್. ಪುಸ್ತಕದ ಸೂತ್ರದಲ್ಲಿ ಗೋಡೆಯ ಎಮಿಸಿವಿಟಿಯೂ ಇಲ್ಲ, ಅದರ ವಿಸ್ತೀರ್ಣವೂ ಇಲ್ಲ. ಅದು ಹೇಗೆ? ನನ್ನ 5.6 ಸರಿಯೇ?

ಉತ್ತರ: ನಿಮ್ಮ 5.6 ಕಿಲೋವ್ಯಾಟ್ ನಿಜವಾದ ಬೆಲೆಗೆ ಸಾಕಷ್ಟು ಹತ್ತಿರವಿದೆ, ಆದರೆ ಅದು ಸರಿಯಾದ ದಾರಿಯಲ್ಲಿ ಬಂದದ್ದಲ್ಲ. ನಿಮ್ಮ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಒಂದು ಉತ್ತರವನ್ನು ಮೇಲಕ್ಕೆ ಎಳೆಯಿತು, ಇನ್ನೊಂದು ಕೆಳಕ್ಕೆ ಎಳೆಯಿತು, ಎರಡೂ ಸೇರಿ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕಿದವು. ಇಂಥ ಅದೃಷ್ಟ ಪ್ರತಿಸಲವೂ ಬರುವುದಿಲ್ಲವಾದ್ದರಿಂದ ಅವೆರಡನ್ನೂ ಮೊದಲು ಬಿಡಿಸಿಬಿಡುತ್ತೇನೆ. ಗೋಡೆಯ ಪ್ರಶ್ನೆಗೆ ಆಮೇಲೆ ಬರೋಣ.

ಮೊದಲನೆಯ ತಪ್ಪು, ಗೋಡೆ ಸುಮ್ಮನೆ ಕೂತಿದೆ ಎಂದು ಭಾವಿಸಿದ್ದು. εσAT⁴ ಎಂಬುದು ಪೈಪು ಹೊರಗೆ ಚೆಲ್ಲುವ ವಿಕಿರಣ ಮಾತ್ರ. ಪೈಪು ಕಳೆದುಕೊಳ್ಳುವ ನಿವ್ವಳ ಶಾಖ ಅದಲ್ಲ. 32 ಡಿಗ್ರಿಯ ಗೋಡೆ, ನೆಲ, ಚಾವಣಿ, ಪಕ್ಕದ ಪ್ರೆಸ್ಸು, ಅಲ್ಲಿ ನಿಂತಿರುವ ನೀವು, ಎಲ್ಲವೂ ತಮ್ಮ ತಮ್ಮ ತಾಪಮಾನಕ್ಕೆ ತಕ್ಕಂತೆ ವಿಕಿರಣವನ್ನು ಸೂಸುತ್ತಲೇ ಇರುತ್ತವೆ, ಅದರಲ್ಲಿ ಒಂದು ಪಾಲು ಪೈಪಿನ ಮೇಲೆ ಬೀಳುತ್ತದೆ. ಬಿಸಿಯಾದದ್ದು ಮಾತ್ರ ಕೊಡುತ್ತದೆ, ತಣ್ಣಗಿರುವುದು ಮಾತ್ರ ತೆಗೆದುಕೊಳ್ಳುತ್ತದೆ ಎಂಬ ನಂಬಿಕೆ ಕಾಲೇಜು ಮುಗಿಸಿ ಬಂದವರಲ್ಲಿಯೂ ಉಳಿದಿರುತ್ತದೆ. ನಡೆಯುವುದು ಎರಡೂ ಕಡೆಯಿಂದ ಕೊಡು-ಕೊಳ್ಳುವಿಕೆ, ನಮಗೆ ಬೇಕಾದದ್ದು ಅದರ ವ್ಯತ್ಯಾಸ.

ಹೀಗೆ ಬೀಳುವ ವಿಕಿರಣದಲ್ಲಿ ಪೈಪು ಎಷ್ಟನ್ನು ಹೀರಿಕೊಳ್ಳುತ್ತದೆ ಎಂಬಲ್ಲಿ ‘ಬೂದು ವಸ್ತು’ ಎಂಬ ಮಾತು ಬರುತ್ತದೆ. ತುಕ್ಕು ಮತ್ತು ಆಕ್ಸೈಡ್ ಪದರ ಕಟ್ಟಿದ ಉಕ್ಕಿನ ಪೈಪು ಶಾಖ ವಿಕಿರಣದ ಎಲ್ಲ ತರಂಗಾಂತರಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತದೆ, ಹಾಗಾಗಿ ಅದು ಸೂಸುವ ಸಾಮರ್ಥ್ಯವೂ ಹೀರುವ ಸಾಮರ್ಥ್ಯವೂ ಒಂದೇ, ಎರಡೂ 0.8 ಎಂದು ಹಿಡಿಯಬಹುದು. ಕಿರ್ಕಾಫ್ ನಿಯಮ ಮತ್ತು ಬೂದು ಎಂಬ ಊಹೆ, ಇವೆರಡೂ ಸೇರಿದಾಗಲೇ ಒಂದೇ ε ಅನ್ನು ಎರಡೂ ಪದಗಳ ಮುಂದೆ ಬರೆಯುವ ಹಕ್ಕು ನಮಗೆ ಸಿಗುತ್ತದೆ. ಇದೇ ಪೈಪು ಶೆಡ್ಡಿನಿಂದ ಹೊರಬಂದು ಬಿಸಿಲಿಗೆ ಬಿದ್ದರೆ ಆ ಹಕ್ಕು ಯಾವಾಗಲೂ ಉಳಿಯುವುದಿಲ್ಲ. ಬಿಳಿ ಬಣ್ಣ ಬಳಿದ ಪೈಪು ಬಿಸಿಲಿನ ಕಾಲುಭಾಗವನ್ನಷ್ಟೇ ಹೀರುತ್ತಾ ತನ್ನ ಶಾಖವನ್ನು 0.9ರ ಎಮಿಸಿವಿಟಿಯಿಂದ ಸೂಸಬಲ್ಲದು. ನಿಮ್ಮದು ಒಳಗಿನ ಪೈಪಾದ್ದರಿಂದ ಆ ತೊಂದರೆ ಇಲ್ಲ.

ಎರಡನೆಯ ತಪ್ಪು ನಿಮ್ಮದಲ್ಲ, ಗನ್ನಿನದು. ಎಣ್ಣೆ 183, ಪೈಪಿನ ಮೈ 165 ಎಂದಾಗ ನಡುವಿನ 18 ಡಿಗ್ರಿಯನ್ನು ಪೈಪಿನ ಲೋಹ ನುಂಗಿತು ಎಂದುಕೊಂಡಿರಬಹುದು. ಐದೂವರೆ ಮಿಲಿಮೀಟರ್ ದಪ್ಪದ ಉಕ್ಕು ನಿಮ್ಮ ಪೈಪಿನಿಂದ ಹರಿಯುವಷ್ಟು ಶಾಖಕ್ಕೆ ಒಂದು ಡಿಗ್ರಿಯ ಮೂರನೇ ಒಂದು ಭಾಗವನ್ನೂ ಕಷ್ಟಪಟ್ಟು ತೆಗೆದುಕೊಳ್ಳುತ್ತದೆ. ಎಣ್ಣೆಯಿಂದ ಲೋಹಕ್ಕೆ ದಾಟುವಾಗ ಎರಡು ಮೂರು ಡಿಗ್ರಿ ಹೋಗಬಹುದು. ಆದ್ದರಿಂದ ಪೈಪಿನ ಹೊರಮೈ ಸುಮಾರು 180 ಇರಲೇಬೇಕು. ಮಿಕ್ಕ ಹದಿನೈದು ಡಿಗ್ರಿ ಎಲ್ಲಿ ಹೋಯಿತೆಂದರೆ, ಅಗ್ಗದ ಗನ್ನುಗಳೆಲ್ಲ ಕಾರ್ಖಾನೆಯಿಂದ ಬರುವಾಗಲೇ ಎದುರಿನ ವಸ್ತುವಿನ ಎಮಿಸಿವಿಟಿ 0.95 ಎಂದು ನಂಬಿಕೊಂಡು ಬಂದಿರುತ್ತವೆ. ನಿಮ್ಮ ಪೈಪಿನದು 0.8. ಪೈಪಿನಿಂದ ಬರಬೇಕಾದಷ್ಟು ವಿಕಿರಣ ಬರದೆ, ಬದಲಿಗೆ ತಣ್ಣನೆಯ ಗೋಡೆಯ ಒಂದಿಷ್ಟು ಪ್ರತಿಫಲನ ಸೇರಿ ಬಂದದ್ದನ್ನು ನೋಡಿ ಗನ್ನು ‘ವಸ್ತು ಅಷ್ಟು ಬಿಸಿಯಿಲ್ಲ’ ಎಂದು ತೀರ್ಮಾನಿಸುತ್ತದೆ. ಅದೂ ಒಳಗೆ ಮಾಡುವುದು ಇದೇ ವಿಕಿರಣದ ಲೆಕ್ಕವನ್ನೇ. 180 ಡಿಗ್ರಿಯ 0.8ರ ಮೈಯನ್ನು 0.95 ಎಂದು ಭಾವಿಸಿ ಲೆಕ್ಕ ಹಾಕಿದರೆ 165 ಸಿಗುತ್ತದೆ. ಗನ್ನು ನೋಡುವ ತರಂಗಾಂತರದ ಪಟ್ಟಿಯನ್ನು ಅವಲಂಬಿಸಿ ಇನ್ನೂ ನಾಲ್ಕೈದು ಡಿಗ್ರಿ ಕಡಿಮೆ ತೋರಿಸಿದರೂ ಆಶ್ಚರ್ಯವಿಲ್ಲ.

ನಂಬಿಕೆಯಾಗದಿದ್ದರೆ ಪರೀಕ್ಷೆ ಸುಲಭ. ಪೈಪು ತಣ್ಣಗಾದ ದಿನ ಅಂಗೈಯಷ್ಟು ಜಾಗವನ್ನು ಒರೆಸಿ, ಶಾಖ ತಡೆಯುವ ಮ್ಯಾಟ್ ಕಪ್ಪು ಬಣ್ಣವನ್ನು ಬಳಿದು ಒಣಗಲು ಬಿಡಿ. ಮರುದಿನ ಪೈಪು ಪೂರ್ತಿ ಬಿಸಿಯಾದ ಮೇಲೆ ಗನ್ನನ್ನು ಮೊದಲು ಆ ಕಪ್ಪು ಪಟ್ಟಿಯ ಮೇಲೆ, ತಕ್ಷಣ ಪಕ್ಕದ ಬರಿ ಲೋಹದ ಮೇಲೆ ಹಿಡಿಯಿರಿ. ಒಂದೇ ಪೈಪು, ಒಂದೇ ಕ್ಷಣ, ಎರಡು ಬೇರೆ ಬೇರೆ ಅಂಕಿಗಳು ಕಾಣುತ್ತವೆ. ಕಪ್ಪು ಪಟ್ಟಿಯ ಅಂಕಿಯೇ ನಿಜಕ್ಕೆ ಹತ್ತಿರದ್ದು. ಕಪ್ಪು ಇನ್ಸುಲೇಷನ್ ಟೇಪನ್ನು ಇಷ್ಟು ಬಿಸಿಯಲ್ಲಿ ಅಂಟಿಸಲು ಹೋಗಬೇಡಿ, ಅದು ಕರಗಿ ಇಳಿಯುತ್ತದೆ.

ಈಗ ಸರಿಯಾದ ಲೆಕ್ಕ. ಮೂರು ಇಂಚಿನ ಪೈಪೆಂದರೆ ಹೊರವ್ಯಾಸ 88.9 ಮಿಲಿಮೀಟರ್; 12 ಮೀಟರ್ ಉದ್ದಕ್ಕೆ ಹೊರಮೈ 3.35 ಚದರ ಮೀಟರ್ ಆಗುತ್ತದೆ. ತಾಪಮಾನಗಳನ್ನು ಕೆಲ್ವಿನ್ನಿಗೆ ಬದಲಿಸಿಯೇ ನಾಲ್ಕನೆಯ ಘಾತಕ್ಕೆ ಏರಿಸಬೇಕು: ಪೈಪಿನ ಮೈಯ `Ts` 180 ಡಿಗ್ರಿಗೆ 453, ಸುತ್ತಲಿನ ಗೋಡೆಯ `Tsur` 32 ಡಿಗ್ರಿಗೆ 305.

```
q = ε σ A (Ts⁴ − Tsur⁴)
  = 0.8 × 5.67×10⁻⁸ × 3.35 × (453⁴ − 305⁴)
  ≈ 5085 W
```

ಪೈಪು ಸೂಸುವುದು 6.4 ಕಿಲೋವ್ಯಾಟ್, ಗೋಡೆಯಿಂದ ಹೀರಿಕೊಳ್ಳುವುದು 1.3 ಕಿಲೋವ್ಯಾಟ್, ನಿವ್ವಳ ನಷ್ಟ 5.1 ಕಿಲೋವ್ಯಾಟ್. ನೀವು ಹಿಂದಿರುಗಿ ಬರುವ ಪಾಲನ್ನು ಬಿಟ್ಟದ್ದರಿಂದ ಉತ್ತರ ಏರಿತು, ಗನ್ನು ತಾಪಮಾನವನ್ನು ತಗ್ಗಿಸಿ ಹೇಳಿದ್ದರಿಂದ ಇಳಿಯಿತು, ಕೊನೆಗೆ 5.6ಕ್ಕೆ ನಿಂತಿತು. ನಿಮ್ಮ ಮೊದಲನೆಯ ತಪ್ಪನ್ನು ಮಾತ್ರ ಯಾರಾದರೂ ತಿದ್ದಿಕೊಟ್ಟು ಗನ್ನಿನ 165ನ್ನು ಹಾಗೇ ಉಳಿಸಿದ್ದರೆ ಉತ್ತರ 4.3 ಆಗಿ, ತಿದ್ದಿದ ಮೇಲೆ ಲೆಕ್ಕ ಮೊದಲಿಗಿಂತ ಕೆಟ್ಟಿರುತ್ತಿತ್ತು. ಇನ್ನೊಂದು ಮಾತು, ಸೆಲ್ಸಿಯಸ್ಸಿನಲ್ಲೇ ಘಾತ ಏರಿಸಿದವರಿಗೆ ಇದೇ ಪೈಪಿಗೆ 160 ವ್ಯಾಟ್ ಬರುತ್ತದೆ. ಹಳೆಯ ನೂರು ವ್ಯಾಟಿನ ಒಂದೂವರೆ ಬಲ್ಬಿನಷ್ಟು ನಷ್ಟಕ್ಕೆ ಅಷ್ಟು ದೂರದಿಂದ ಮುಖಕ್ಕೆ ಝಳ ಹೊಡೆಯುವುದಿಲ್ಲ ಎಂಬುದಷ್ಟೇ ಸಾಕು, ಆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಇನ್ನು ಗೋಡೆಯ ಪ್ರಶ್ನೆ. ಶನಿವಾರ ಪೇಠೆಯಲ್ಲೋ ಇನ್ನಾವ ಹಳೆಯ ಪೇಠೆಯಲ್ಲೋ ಮಟಮಟ ಮಧ್ಯಾಹ್ನ ರಸ್ತೆಯಲ್ಲಿ ನಿಂತು ಎದುರಿನ ವಾಡೆಯ ತೆರೆದ ಕಿಟಕಿಯನ್ನು ನೋಡಿ. ಒಳಗಿನ ಗೋಡೆಗೆ ಬಿಳಿಯ ಸುಣ್ಣ ಬಳಿದಿರುತ್ತದೆ, ಒಳಗೆ ಹೋದರೆ ಕೋಣೆ ಬೆಳ್ಳಗೇ ಕಾಣುತ್ತದೆ. ಆದರೂ ರಸ್ತೆಯಿಂದ ಆ ಕಿಟಕಿ ಕಪ್ಪು ಚೌಕದ ಹಾಗೆ ಕಾಣುತ್ತದೆ. ಕಿಟಕಿಯಿಂದ ಒಳಹೊಕ್ಕ ಬೆಳಕು ಒಂದು ಗೋಡೆಗೆ ತಾಗಿ, ಇನ್ನೊಂದಕ್ಕೆ ಚಿಮ್ಮಿ, ನೆಲಕ್ಕೆ ಬಿದ್ದು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೀರಿಹೋಗುತ್ತದೆಯೇ ಹೊರತು ತಾನು ಬಂದ ಚಿಕ್ಕ ಕಿಟಕಿಯನ್ನು ಹುಡುಕಿಕೊಂಡು ಹಿಂದಿರುಗುವುದು ಬಹಳ ಅಪರೂಪ. ಕೋಣೆ ಕಪ್ಪಾಗಿರುವುದು ಬಣ್ಣದಿಂದಲ್ಲ, ಕಿಟಕಿಗೆ ಹೋಲಿಸಿದರೆ ಅದಕ್ಕಿರುವ ದೊಡ್ಡ ಗಾತ್ರದಿಂದ.

ನಿಮ್ಮ ಶೆಡ್ಡಿನಲ್ಲಿ ಆ ಕಿಟಕಿಯ ಜಾಗದಲ್ಲಿ ಪೈಪಿದೆ. ಪೈಪಿನಿಂದ ಹೊರಟ ಕಿರಣವನ್ನು ಗೋಡೆ ಹೀರದೆ ವಾಪಸು ಎಸೆದರೂ, ಎಸೆದದ್ದು ಇಡೀ ಶೆಡ್ಡಿನಲ್ಲಿ ಹರಡುತ್ತದೆ. ಆರು ಮೈಗಳನ್ನು ಕೂಡಿಸಿದರೆ ಶೆಡ್ಡಿನ ಒಳಮೈ 864 ಚದರ ಮೀಟರ್, ಪೈಪಿನದು 3.35. ಗೋಡೆಯಿಂದ ಚಿಮ್ಮಿದ ಶಾಖ ಪೈಪಿಗೇ ಬಂದು ತಾಗುವ ಸಾಧ್ಯತೆ ಸರಿಸುಮಾರು ಇವೆರಡರ ಅನುಪಾತದಷ್ಟು, ಅಂದರೆ ಸಾವಿರಕ್ಕೆ ನಾಲ್ಕು. ಆದ್ದರಿಂದ ಪೈಪಿನ ದೃಷ್ಟಿಯಲ್ಲಿ ಶೆಡ್ಡು ತನ್ನ ತಾಪಮಾನದ ಪರಿಪೂರ್ಣ ಕೃಷ್ಣಕಾಯವೇ, ಅಂದರೆ ಬಿದ್ದ ವಿಕಿರಣವನ್ನೆಲ್ಲ ಹೀರಿಬಿಡುವ ವಸ್ತು. ಗೋಡೆಯ ಎಮಿಸಿವಿಟಿ ಮತ್ತು ವಿಸ್ತೀರ್ಣ ಸೂತ್ರದಿಂದ ಬಿದ್ದುಹೋಗುವುದು ಇದೇ ಕಾರಣಕ್ಕೆ. ಯಾರೋ ಅವನ್ನು ಮರೆತದ್ದಲ್ಲ. ಪೂರ್ಣ ಸೂತ್ರದಲ್ಲಿ ಅವು ಇದ್ದೇ ಇವೆ:

```
q = σ A (Ts⁴ − Tsur⁴) / [ 1/ε + (A/Aw)(1/εw − 1) ]
```

ಇಲ್ಲಿ `Aw`, `εw` ಗೋಡೆಯವು. ಛೇದದ ಮೊದಲ ಪದ ನಿಮ್ಮ ಪೈಪಿಗೆ 1.25. ಎರಡನೆಯ ಪದ ಗಾರೆಯ ಗೋಡೆಗೆ, ಎಮಿಸಿವಿಟಿ 0.9 ಎಂದು ಹಿಡಿದರೆ, 0.0004. 1.25ರ ಪಕ್ಕದಲ್ಲಿ ಅದನ್ನು ಬರೆಯುವುದು ಶಾಯಿಗೆ ದಂಡ. ಮಾಲೀಕರ ಮಾತಿಗೆ ಪೂರ್ತಿ ಬೆಲೆ ಕೊಟ್ಟು, ಸುಣ್ಣವಲ್ಲ, ಗೋಡೆ, ನೆಲ, ಚಾವಣಿಗೆಲ್ಲ ಎಮಿಸಿವಿಟಿ 0.1ರ ಮಿರಿಮಿರಿ ತಗಡನ್ನೇ ಹೊದಿಸಿದೆವು ಎಂದುಕೊಳ್ಳೋಣ. ಆಗ ಎರಡನೆಯ ಪದ 0.035 ಆಗುತ್ತದೆ, ನಷ್ಟ 5.1ರಿಂದ 4.9 ಕಿಲೋವ್ಯಾಟಿಗೆ ಇಳಿಯುತ್ತದೆ. ಶೇಕಡಾ ಮೂರನ್ನೂ ಮುಟ್ಟದ ಉಳಿತಾಯಕ್ಕೆ 864 ಚದರ ಮೀಟರ್ ತಗಡು.

ಸುಣ್ಣವಂತೂ ಅಷ್ಟನ್ನೂ ಮಾಡಲಾರದು. ಸುಣ್ಣ ಬಿಳಿಯಾಗಿರುವುದು ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಮಾತ್ರ. 180 ಡಿಗ್ರಿಯ ಪೈಪು ಸೂಸುವ ವಿಕಿರಣದ ಶಿಖರ ಸುಮಾರು 6.4 ಮೈಕ್ರಾನ್ ತರಂಗಾಂತರದಲ್ಲಿದೆ, ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರಕ್ಕಿಂತ ಹತ್ತು ಹನ್ನೆರಡು ಪಟ್ಟು ಉದ್ದ. ಅಲ್ಲಿ ಸುಣ್ಣ, ಡಿಸ್ಟೆಂಪರ್, ಬಿಳಿ ಆಯಿಲ್ ಪೇಂಟ್, ಕಪ್ಪು ಪೇಂಟ್ ಎಲ್ಲವೂ 0.9ರ ಆಸುಪಾಸಿನಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಶೆಡ್ಡಿನ ಚಾವಣಿಯ ಹೊರಮೈಗೆ ಬಿಳಿ ಬಳಿಸಿದರೆ ತಂಪಾಗುವುದನ್ನು ಮಾಲೀಕರು ಕಂಡಿರುತ್ತಾರೆ, ಅದರಿಂದಲೇ ಈ ಯೋಚನೆ ಬಂದಿರಬೇಕು. ಅಲ್ಲಿ ಹಿಂದೆ ಎಸೆಯಬೇಕಾದದ್ದು ಸೂರ್ಯನ ಬೆಳಕು, ಆದ್ದರಿಂದ ಅಲ್ಲಿ ಅದು ಸರಿ. ಶೆಡ್ಡು ಬೆಳ್ಳಗೆ ಬೆಳಕಾಗಿ ಕಾಣಲಿ ಎಂದು ಸುಣ್ಣ ಹೊಡೆಸುವುದಿದ್ದರೆ ಹೊಡೆಸಲಿ, ಪೈಪಿನ ಲೆಕ್ಕಕ್ಕೆ ಅದನ್ನು ಸೇರಿಸುವುದು ಬೇಡ.

ದೊಡ್ಡ ಆವರಣ ಎಂಬ ಊಹೆ ಎಲ್ಲಿ ಮುರಿಯುತ್ತದೆ ಎಂದು ತಿಳಿದಿರುವುದು ಒಳ್ಳೆಯದು, ಏಕೆಂದರೆ ಮುಂದೆ ನೀವೇ ಅದನ್ನು ಮುರಿಯಬಹುದು. ಇದೇ ಪೈಪನ್ನು ಒಂದು ಅಡಿ ಚೌಕದ ಜಿಐ ತಗಡಿನ ಪೆಟ್ಟಿಗೆಯೊಳಗೆ ಕಳಿಸಿದಿರಿ ಎನ್ನಿ. ಆಗ ಪೆಟ್ಟಿಗೆಯ ಒಳಮೈ ಪೈಪಿನ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ತಗಡಿನ ಎಮಿಸಿವಿಟಿ 0.25 ಇದ್ದು ಅದು 32 ಡಿಗ್ರಿಯಲ್ಲೇ ಇದ್ದರೂ ವಿಕಿರಣದ ನಷ್ಟ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ನಿಜದಲ್ಲಿ ತಗಡೇ ಬಿಸಿಯಾಗುವುದರಿಂದ ಇನ್ನೂ ಇಳಿಯುತ್ತದೆ. ಅಲ್ಲಿ ಚಿಕ್ಕ ಸೂತ್ರ ಹಾಕಿದರೆ ಉತ್ತರ ಸುಳ್ಳು. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಎರಡನೆಯ ಪದವನ್ನು ಒಮ್ಮೆ ಲೆಕ್ಕ ಹಾಕಿ ನೋಡುತ್ತೇನೆ, ಅದು ಮೊದಲನೆಯದರ ನೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಗೋಡೆಯನ್ನು ಮರೆಯುತ್ತೇನೆ. ವಸ್ತು ತನ್ನನ್ನು ತಾನೇ ನೋಡಿಕೊಳ್ಳುವ ಆಕಾರದಲ್ಲಿದ್ದರೂ, ಉದಾಹರಣೆಗೆ ಸುರುಳಿ ಸುತ್ತಿದ ಕಾಯಿಲಿನಂತೆ, ಅದರ ಪೂರ್ತಿ ಮೈಯ ಬದಲು ಸುತ್ತ ಬಟ್ಟೆ ಬಿಗಿದರೆ ಬರುವ ಹೊರಮೈಯನ್ನು ಬಳಸಬೇಕಾಗುತ್ತದೆ.

ಗೋಡೆಯ ಬಣ್ಣವನ್ನು ಮರೆಯಬಹುದಾದರೂ ತಾಪಮಾನವನ್ನು ಮರೆಯುವಂತಿಲ್ಲ. ಸೂತ್ರದ `Tsur` ಗಾಳಿಯ ತಾಪಮಾನವಲ್ಲ, ಪೈಪು ಕಾಣುವ ಮೈಗಳ ತಾಪಮಾನ. ಮೇ ತಿಂಗಳ ಮಧ್ಯಾಹ್ನ ನಿಮ್ಮ ತಗಡಿನ ಚಾವಣಿಯ ಒಳಮೈ 58 ಡಿಗ್ರಿ ಇದ್ದು, ಪೈಪಿಗೆ ಕಾಣುವುದರಲ್ಲಿ ಐದರಲ್ಲಿ ಎರಡು ಪಾಲು ಚಾವಣಿಯೇ ಎಂದು ಹಿಡಿದರೆ, ನಾಲ್ಕನೆಯ ಘಾತದ ಸರಾಸರಿ ತೆಗೆದಾಗ ಆವರಣದ ತಾಪಮಾನ 43 ಡಿಗ್ರಿ ಆಗುತ್ತದೆ. ಆದರೂ ನಿಮ್ಮ ಪೈಪಿನ ನಷ್ಟ 5.1ರಿಂದ 4.9ಕ್ಕೆ ಮಾತ್ರ ಬರುತ್ತದೆ, ಏಕೆಂದರೆ ಬಿಸಿ ವಸ್ತುವಿನ ಲೆಕ್ಕದಲ್ಲಿ ಅದರ ಸ್ವಂತ ತಾಪಮಾನದ ನಾಲ್ಕನೆಯ ಘಾತವೇ ಮೆರೆಯುತ್ತದೆ. 45 ಡಿಗ್ರಿಯ ವಸ್ತುವಿಗಾದರೆ ಇದೇ ಚಾವಣಿ ಲೆಕ್ಕವನ್ನು ಪೂರ್ತಿ ಬುಡಮೇಲು ಮಾಡುತ್ತದೆ.

ವಿಕಿರಣ ಒಂದೇ ನಷ್ಟವಲ್ಲ. ಪೈಪಿನ ಸುತ್ತ ಬಿಸಿಯಾದ ಗಾಳಿ ಮೇಲೇಳುವ ಸಹಜ ಸಂವಹನಕ್ಕೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 7.3 ವ್ಯಾಟ್ ಬರುತ್ತದೆ, ಒಟ್ಟು 3.6 ಕಿಲೋವ್ಯಾಟ್. ಎರಡೂ ಸೇರಿ 8.7. ಫ್ಯಾನಿನ ಗಾಳಿ ನೇರ ಪೈಪಿಗೆ ಬಡಿಯುತ್ತಿದ್ದರೆ ಇದು ಇನ್ನೂ ಹೆಚ್ಚು. ಇಷ್ಟು ಶಾಖ ಹೋಗುತ್ತಿದ್ದರೂ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣವಿದೆ: ಗಂಟೆಗೆ ಹತ್ತು ಸಾವಿರ ಲೀಟರಿನಷ್ಟು ಎಣ್ಣೆ ತಿರುಗುತ್ತಿದ್ದರೆ ಈ ಹನ್ನೆರಡು ಮೀಟರಿನಲ್ಲಿ ಅದು ತಣಿಯುವುದು ಎರಡು ಡಿಗ್ರಿಗಿಂತ ಕಡಿಮೆ, ಪ್ಯಾನೆಲ್ಲಿನ ಮೀಟರು ಅದನ್ನು ಗುರುತಿಸುವುದೂ ಇಲ್ಲ. ಡೀಸೆಲ್ ಟ್ಯಾಂಕಿಗೆ ಮಾತ್ರ ಅದು ಗೊತ್ತಾಗುತ್ತದೆ. ಎರಡು ಪಾಳಿ ಹದಿನಾರು ಗಂಟೆ, ಹೀಟರಿನ ದಕ್ಷತೆ ಶೇಕಡಾ 80 ಎಂದು ಹಿಡಿದರೆ ದಿನಕ್ಕೆ ಹದಿನೇಳು ಲೀಟರಿನಷ್ಟು.

ಫೋರ್‌ಮನ್ನರ ಸಿಲ್ವರ್ ಪೇಂಟ್ ಸುಣ್ಣದಂತಲ್ಲ, ಅದರಲ್ಲಿ ತಥ್ಯವಿದೆ. ಅಲ್ಯೂಮಿನಿಯಂ ಪುಡಿ ಬೆರೆಸಿದ ಪೇಂಟಿನ ಎಮಿಸಿವಿಟಿ ಸಾಮಾನ್ಯವಾಗಿ 0.3ರಿಂದ 0.5ರ ನಡುವೆ ಇರುತ್ತದೆ. 0.4 ಎಂದು ಹಿಡಿದರೆ ವಿಕಿರಣದ ನಷ್ಟ ನೆಟ್ಟಗೆ ಅರ್ಧವಾಗಿ 2.5 ಕಿಲೋವ್ಯಾಟಿಗೆ ಬರುತ್ತದೆ. ಸೂತ್ರದಲ್ಲಿ ಉಳಿದಿರುವ ಒಂದೇ ಎಮಿಸಿವಿಟಿ ಪೈಪಿನದು, ಅವರು ಕೈಹಾಕುವುದೂ ಅದಕ್ಕೇ. ಆದರೆ ಸಂವಹನದ 3.6 ಹಾಗೇ ಉಳಿಯುತ್ತದೆ, ಸಿಲ್ವರಿನ ಮೇಲೆ ಎಣ್ಣೆ ಜಿಡ್ಡು ಮತ್ತು ಧೂಳು ಕೂತಂತೆಲ್ಲ ಎಮಿಸಿವಿಟಿ ಮತ್ತೆ ಮೇಲಕ್ಕೆ ಹತ್ತುತ್ತದೆ, ಸಾಧಾರಣ ಪೇಂಟಾದರೆ ಈ ಶಾಖಕ್ಕೆ ಸುಟ್ಟು ಕಂದಾಗಿ ಉದುರುತ್ತದೆ. ಹೀಟ್ ರೆಸಿಸ್ಟಂಟ್ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ತರಬೇಕು.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಚಾಕಣದ ಒಂದು ಘಟಕಕ್ಕೆ ಹೋದಾಗ ಅಲ್ಲಿನವರು ಹೊಸದಾಗಿ ಸಿಲ್ವರ್ ಬಳಿದ ಪೈಪನ್ನು ಹೆಮ್ಮೆಯಿಂದ ತೋರಿಸಿದರು. ಬಳಿಯುವ ಮೊದಲು ಗನ್ನು 160 ದಾಟಿ ತೋರಿಸುತ್ತಿತ್ತು, ಈಗ 110. ಐವತ್ತು ಡಿಗ್ರಿ ಇಳಿದಿದೆ ಎಂದು ರಿಜಿಸ್ಟರಿನಲ್ಲೂ ಬರೆದಿದ್ದರು. ಇಳಿದದ್ದು ಪೈಪಲ್ಲ, ಗನ್ನಿನ ಓದು. ಒಳಗೆ ಅದೇ ಎಣ್ಣೆ ಅದೇ ಬಿಸಿಯಲ್ಲಿ ಹರಿಯುತ್ತಿರುವಾಗ ಪೈಪಿನ ಮೈ ತಣ್ಣಗಾಗಲು ದಾರಿಯೇ ಇಲ್ಲ. 0.4ರ ಮೈಯನ್ನು ಗನ್ನು 0.95 ಎಂದುಕೊಂಡಾಗ ಬರುವ ಅಂಕಿಯೇ ಅದು. ಆ ಅಂಕಿಯನ್ನು ನಂಬಿ, ಮೊದಲು ಪೈಪಿನ ಮುಂದೆ ಇದ್ದ ಜಾಲರಿಯನ್ನು ತೆಗೆದುಹಾಕಿದ್ದರು. ನಾನು ಹೋಗುವ ಹಿಂದಿನ ವಾರವಷ್ಟೇ ಒಬ್ಬ ಹೆಲ್ಪರ್ ಹುಡುಗನ ಮುಂಗೈ ತಾಗಿ ಸುಟ್ಟಿತ್ತು. ಹೊಳೆಯುವ ಮೈ ಝಳವನ್ನೂ ಕಡಿಮೆ ಮಾಡುವುದರಿಂದ ಹತ್ತಿರ ಹೋದರೂ ಬಿಸಿ ತಿಳಿಯುವುದಿಲ್ಲ, ಬರಿಯ ಕಪ್ಪು ಪೈಪಿಗಿಂತ ಈ ವಿಷಯದಲ್ಲಿ ಅದು ಹೆಚ್ಚು ಮೋಸದ್ದು.

ನಿಮಗೆ ನಾನು ಹೇಳುವುದು 50 ಮಿಲಿಮೀಟರ್ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವುದನ್ನು. ಒಟ್ಟು ನಷ್ಟ 8.7ರಿಂದ 0.6 ಕಿಲೋವ್ಯಾಟಿನ ಆಸುಪಾಸಿಗೆ ಬರುತ್ತದೆ, ದಿನಕ್ಕೆ ಹದಿನಾರು ಲೀಟರ್ ಡೀಸೆಲ್ ಉಳಿಯುತ್ತದೆ. ಇಲ್ಲಿ ನಷ್ಟವನ್ನು ತಡೆಯುವುದು ರಾಕ್‌ವೂಲ್, ಅಲ್ಯೂಮಿನಿಯಂ ಅಲ್ಲ. ತಗಡು ಹೊಸದಾಗಿ ಮಿರುಗುವಾಗ ಅದರ ಮೈ 48 ಡಿಗ್ರಿ ಇರುತ್ತದೆ, ಮಂಕಾದ ಮೇಲೆ 41ಕ್ಕೆ ಇಳಿಯುತ್ತದೆ, ಏಕೆಂದರೆ ಮಂಕಾದ ಮೈ ಶಾಖವನ್ನು ಸುಲಭವಾಗಿ ಸೂಸಿ ತಾನು ತಣ್ಣಗಾಗುತ್ತದೆ. ನಷ್ಟದ ವ್ಯತ್ಯಾಸ ಮೂವತ್ತು ನಲವತ್ತು ವ್ಯಾಟ್. ಆದ್ದರಿಂದ ಕಾಂಟ್ರಾಕ್ಟರು ಹೊಳಪಿನ ತಗಡಿಗೆ ಹೆಚ್ಚು ದರ ಹೇಳಿದರೆ ಕೊಡಬೇಕಾಗಿಲ್ಲ.

ರಾಕ್‌ವೂಲಿಗೂ ಅದರದೇ ಅಪಾಯವಿದೆ, ಅದು ನಿಮ್ಮ ಎಣ್ಣೆಯಿಂದ ಬರುವುದು. ಫ್ಲ್ಯಾಂಜಿನಿಂದಲೋ ವಾಲ್ವಿನ ಗ್ಲ್ಯಾಂಡಿನಿಂದಲೋ ತೊಟ್ಟಿಕ್ಕಿದ ಥರ್ಮಿಕ್ ಫ್ಲೂಯಿಡ್ ರಾಕ್‌ವೂಲಿನೊಳಗೆ ನೆನೆದು ಹರಡಿದರೆ, ಎಳೆ ಎಳೆಯ ಮೇಲೆ ತೆಳ್ಳಗೆ ಲೇಪವಾದ ಎಣ್ಣೆ ಗಾಳಿಯೊಡನೆ ನಿಧಾನಕ್ಕೆ ಉತ್ಕರ್ಷಿಸುತ್ತದೆ, ಹುಟ್ಟಿದ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗೇ ಏರಿ ಹೊಗೆಯಾಡಿ ಬೆಂಕಿ ಹತ್ತಬಲ್ಲದು. ಎಣ್ಣೆ ಬಿಸಿಯಾದಷ್ಟೂ ಈ ಭಯ ಹೆಚ್ಚು; 180ರಲ್ಲಿ ಕಡಿಮೆಯಾದರೂ ನಾಳೆ ಪ್ರೆಸ್ಸಿಗೆ ಬೇಕೆಂದು 250ಕ್ಕೆ ಏರಿಸಿದ ದಿನ ರಾಕ್‌ವೂಲ್ ಅದೇ ಇರುತ್ತದೆ. ಹಾಗಾಗಿ ಸುತ್ತುವ ಮೊದಲು ಎಲ್ಲ ಜಾಯಿಂಟುಗಳ ಸೋರಿಕೆಯನ್ನು ನಿಲ್ಲಿಸಿ, ಫ್ಲ್ಯಾಂಜು ಮತ್ತು ವಾಲ್ವುಗಳನ್ನು ಬರಿಯಾಗಿಯೇ ಬಿಟ್ಟು ಅಲ್ಲಿಗೆ ಜಾಲರಿ ಕಟ್ಟಿಸಿ. ವಾಲ್ವಿನ ಸ್ಪಿಂಡಲನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಸೋರಿದ ಎಣ್ಣೆ ರಾಕ್‌ವೂಲಿಗೆ ಇಳಿಯದೆ ನೆಲಕ್ಕೆ ಬೀಳುತ್ತದೆ. ಅವುಗಳಿಂದ ಹೋಗುವ ಕೆಲವು ನೂರು ವ್ಯಾಟುಗಳನ್ನು ಮಾಲೀಕರು ಸಹಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಪರೀಕ್ಷಿಸಲು ಗನ್ನನ್ನು ತಗಡಿನ ಮೇಲೆ ನೇರ ಹಿಡಿಯಬೇಡಿ, ಅದು ಎದುರಿನ ಗೋಡೆಯ ತಾಪಮಾನವನ್ನೇ ಓದಿ ಹೇಳುತ್ತದೆ. ಇಲ್ಲಿ ಮೈ ಬಿಸಿಯಿಲ್ಲದ್ದರಿಂದ ಕಪ್ಪು ಇನ್ಸುಲೇಷನ್ ಟೇಪು ನಡೆಯುತ್ತದೆ. ಎರಡೆರಡು ಮೀಟರಿಗೆ ಒಂದರಂತೆ ಬೆರಳುದ್ದದ ತುಂಡುಗಳನ್ನು ತಗಡಿಗೆ ಅಂಟಿಸಿ, ಹತ್ತು ನಿಮಿಷ ಬಿಟ್ಟು ಆ ತುಂಡುಗಳ ಮೇಲೆ ಓದಿ. ಬೆಳಗಿನ ಹೊತ್ತು, ಚಾವಣಿ ಕಾಯುವ ಮೊದಲು ಓದಿದರೆ ಅಂಕಿಗಳು ಐವತ್ತರ ಒಳಗೇ ಇರಬೇಕು. ಒಂದು ತುಂಡು ಮಾತ್ರ 70 ತೋರಿಸಿದರೆ ಅದರ ಕೆಳಗೆ ರಾಕ್‌ವೂಲಿನ ಎರಡು ತುದಿಗಳು ಕೂಡದೆ ಸಂದು ಬಿಟ್ಟಿರುತ್ತದೆ, ಇಲ್ಲವೇ ಎಣ್ಣೆ ನೆನೆದಿರುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ತಗಡಿನ ಕೆಳಗಿನ ಅಂಚಿನಲ್ಲಿ ಬೆರಳಾಡಿಸಿ ಜಿಡ್ಡು ಹತ್ತುತ್ತದೆಯೇ ನೋಡಿ.